ಒಂದು ಬಿಲ್ಲು, ಎರಡು ಫೋಟೊ: ಅಂಗಡಿಯವರಿಗೆ ಬರೆದ ಪತ್ರ

2025ರ ಜೂನ್‌ನಲ್ಲಿ ನಮ್ಮ ಎಲೆಕ್ಟ್ರಿಕಲ್ ಅಂಗಡಿಯ ಲೆಕ್ಕಕ್ಕೆ ಒಂದೇ ವೈರ್ ಬಿಲ್ಲು ಎರಡು ಸಲ ಏರಿತ್ತು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿದ ಮಾಲು ಅದು. ವೈರಿನ ಬೆಲೆ 36,000 ರೂಪಾಯಿ, ಶೇ 18ರಂತೆ ಜಿಎಸ್‌ಟಿ 6,480, ಒಟ್ಟು 42,480. ನಮಗೆ ಸಿಗಬೇಕಾದ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತ, 6,480. ನಮ್ಮ ಲೆಕ್ಕ ತೋರಿಸುತ್ತಿದ್ದದ್ದು 12,960. ಲೆಕ್ಕ ಬರೆಯುವ ಮೇಡಂ ರಿಟರ್ನ್ ಹಾಕುವ ಮುಂಚೆ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿ, ಅಂದರೆ ಸಪ್ಲೈಯರ್‌ಗಳು ನಮ್ಮ ಹೆಸರಿಗೆ ತೋರಿಸಿದ ಬಿಲ್ಲುಗಳ ಪಟ್ಟಿ, ಅದರ ಜೊತೆ ತಾಳೆ ನೋಡಿದ್ದಕ್ಕೆ ಸಿಕ್ಕಿಬಿತ್ತು.

ಹೇಗಾಯಿತು ಎಂದು ಹುಡುಕಿದೆ. ಮಾಲಿನ ಬಿಲ್ಲಿಗೆ ಮೂರು ಪ್ರತಿ ಇರುತ್ತವೆ. ಒಂದು ಕೊಂಡವರಿಗೆ, ಒಂದು ಸಾಗಿಸುವವರಿಗೆ, ಒಂದು ಮಾರಿದವರಿಗೆ. ಟೆಂಪೊ ಡ್ರೈವರ್ ಗೋಡೌನ್‌ನಲ್ಲಿ ಕೊಟ್ಟುಹೋದದ್ದು ಸಾಗಿಸುವವರ ಪ್ರತಿ. ನಮ್ಮ ಪ್ರತಿ ಎರಡು ದಿನ ಬಿಟ್ಟು ಕೊರಿಯರ್‌ನಲ್ಲಿ ಕೌಂಟರಿಗೆ ಬಂತು. ಗೋಡೌನಿನ ಹುಡುಗ ಫೋಟೊ ಹೊಡೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ, ಕೌಂಟರಿನವನೂ ಹಾಕಿದ. ಇಬ್ಬರದ್ದೂ ತಪ್ಪಲ್ಲ. ಒಂದು ಫೋಟೊದಲ್ಲಿ ಬಿಲ್ಲಿನ ಮೇಲ್ತುದಿ ಕತ್ತರಿಸಿಹೋಗಿ ನಂಬರು ಬರೀ 1123 ಎಂದು ಕಾಣುತ್ತಿತ್ತು. ಇನ್ನೊಂದರಲ್ಲಿ ಪೂರ್ತಿ ನಂಬರು, GST/1123/25-26. ಸಾಫ್ಟ್‌ವೇರ್‌ಗೆ ಅವೆರಡೂ ಬೇರೆ ಬೇರೆ ಬಿಲ್ಲು. ಫೈಲ್ ಹೆಸರು ನೋಡಿದರೆ IMG-20250603-WA0007.jpg. ಅದರಿಂದ ಏನು ಗೊತ್ತಾಗುತ್ತದೆ, ಹೇಳಿ!

ಆವತ್ತೇ ಗ್ರೂಪ್ ಬಿಟ್ಟು ಗೂಗಲ್ ಡ್ರೈವ್‌ನಲ್ಲಿ ಎಲ್ಲರಿಗೂ ಸೇರಿದ ಒಂದು ಫೋಲ್ಡರ್ ಮಾಡಲು ನಿರ್ಧರಿಸಿದೆ. ಫೋಲ್ಡರ್ ಮಾಡುವುದು ಹತ್ತು ನಿಮಿಷದ ಕೆಲಸ. ಐದು ಜನ ಒಂದೇ ರೀತಿ ಬಳಸುವ ಹಾಗೆ ಪತ್ರ ಬರೆಯುವುದಕ್ಕೆ ಮೂರು ದಿನ ಹಿಡಿಯಿತು. ಆ ಪತ್ರವನ್ನೂ, ಪ್ರತಿ ಭಾಗದ ಹಿಂದಿನ ಕಾರಣವನ್ನೂ ಇಲ್ಲಿ ಕೊಡುತ್ತಿದ್ದೇನೆ. ನಿಮ್ಮ ಅಂಗಡಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಮೊದಲು ಖಾತೆ, ಆಮೇಲೆ ಫೋಲ್ಡರ್

ಪತ್ರಕ್ಕೆ ಮುಂಚೆ ಒಂದು ಕೆಲಸ ಮುಗಿಸಿ. ಡ್ರೈವ್‌ನ ಮಾಮೂಲಿ ಖಾತೆಯಲ್ಲಿ ಫೋಲ್ಡರ್ ನಿಮ್ಮದಾದರೂ ಅದರೊಳಗೆ ಹಾಕಿದ ಫೈಲಿಗೆ ಮಾಲೀಕ, ಹಾಕಿದವನೇ. ಹುಡುಗ ತನ್ನ ಸ್ವಂತ ಜಿಮೇಲ್‌ನಿಂದ ಹಾಕಿ, ನಾಳೆ ಕೆಲಸ ಬಿಟ್ಟು, ಆ ಖಾತೆಯನ್ನೇ ಅಳಿಸಿಬಿಟ್ಟರೆ ಬಿಲ್ಲೂ ಅದರ ಜೊತೆ ಹೋಗುತ್ತದೆ. ಅದಕ್ಕೇ ನಾನು ಅಂಗಡಿಯ ಹೆಸರಲ್ಲಿ ಎರಡು ಖಾತೆ ಮಾಡಿದೆ. ಒಂದು ನನ್ನ ಕೈಯಲ್ಲಿ, ಮುಖ್ಯ ಫೋಲ್ಡರ್ ಅದರದ್ದು. ಇನ್ನೊಂದು ಕೌಂಟರಿನ ಹಳೇ ಫೋನಿನಲ್ಲಿ, ಸ್ಕ್ಯಾನ್ ಮಾಡಲಿಕ್ಕೆ ಮಾತ್ರ. ಎರಡರ ಪಾಸ್‌ವರ್ಡೂ ನನ್ನ ಹತ್ತಿರ.

ಸ್ಕ್ಯಾನ್ ಫೋನಿನ ಖಾತೆಗೆ INWARD ಎಂಬ ಒಂದೇ ಫೋಲ್ಡರಿನಲ್ಲಿ ಎಡಿಟರ್ ಹಕ್ಕು ಕೊಟ್ಟೆ. ಲೆಕ್ಕದ ಮೇಡಂಗೆ ಎಲ್ಲಾ ಫೋಲ್ಡರಿನಲ್ಲೂ ಎಡಿಟರ್. ಉಳಿದವರಿಗೆ ವ್ಯೂವರ್, ಅಂದರೆ ನೋಡಬಹುದು, ಮುಟ್ಟುವ ಹಾಗಿಲ್ಲ. ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂಬ ಆಯ್ಕೆಯನ್ನು ಹಾಕಲೇ ಇಲ್ಲ. ನಾವು ಕೊಳ್ಳುವ ರೇಟು ಪಕ್ಕದಂಗಡಿಗೆ ಯಾಕೆ ಗೊತ್ತಾಗಬೇಕು, ಅಲ್ವಾ?

ಪತ್ರದ ಶುರು

ಇಂಥ ಪತ್ರದ ಮೊದಲ ಸಾಲಲ್ಲೇ ನಿಯಮ ಸುರುವಾದರೆ ಬೈಗುಳದ ಹಾಗೆ ಕಾಣುತ್ತದೆ. ನಾನು ನಡೆದದ್ದನ್ನೇ ಬರೆದೆ.

> ಎಲ್ಲರಿಗೂ ನಮಸ್ಕಾರ. 1123ನೇ ನಂಬರಿನ ವೈರ್ ಬಿಲ್ಲು ಎರಡು ಸಲ ಏರಿದ್ದು ನಿಮಗೆ ಗೊತ್ತೇ ಇದೆ. ಅದರಲ್ಲಿ ಯಾರ ತಪ್ಪೂ ಇಲ್ಲ, ಗ್ರೂಪಿನಲ್ಲಿ ಹಾಕಿ ಎಂದಿದ್ದೇ ನಾನು. ಜುಲೈ 1ರಿಂದ ಖರೀದಿ ಬಿಲ್ಲನ್ನು ವಾಟ್ಸ್ಆ್ಯಪ್‌ಗೆ ಹಾಕಬೇಡಿ. ಕೌಂಟರಿನ ಫೋನಿನಲ್ಲಿ ಸ್ಕ್ಯಾನ್ ಮಾಡಿ INWARD ಫೋಲ್ಡರಿಗೆ ಹಾಕಿ. ಸ್ವಂತ ಫೋನಿನಿಂದ ಬೇಡ. ನಾವು ಮಾರುವ ಬಿಲ್ಲಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಎಂದಿನಂತೆ.

ಕೊನೆಯ ವಾಕ್ಯ ಆಮೇಲೆ ಸೇರಿಸಿದ್ದು. ಮೊದಲ ಕರಡು ಓದಿದ ಒಬ್ಬ, ‘ಹಾಗಾದರೆ ಗಿರಾಕಿಗೆ ಕೊಡೋ ಬಿಲ್ಲೂ ಸ್ಕ್ಯಾನ್ ಮಾಡ್ಬೇಕಾ?’ ಎಂದು ಕೇಳಿದ್ದ.

ಕಾಗದ ಕೈಗೆ ಬಂದಾಗ

> ಮಾಲು ಇಳಿಸಿಕೊಂಡು ಎಣಿಸಿದ ಮೇಲೆ, ಬಿಲ್ಲಿನ ಖಾಲಿ ಜಾಗದಲ್ಲಿ ಮಾಲು ಬಂದ ತಾರೀಕು ಬರೆದು ಸಹಿ ಹಾಕಿ. ಬಿಲ್ಲಿನ ಮೇಲ್ತುದಿಯಲ್ಲಿ ಯಾರ ಪ್ರತಿ ಎಂದು ಅಚ್ಚಾಗಿರುತ್ತದೆ, ನೋಡಿ. ‘ಒರಿಜಿನಲ್ ಫಾರ್ ರೆಸಿಪಿಯಂಟ್’ ಎಂದಿದ್ದರೆ ಮಾತ್ರ ಸ್ಕ್ಯಾನ್ ಮಾಡಿ. ‘ಡೂಪ್ಲಿಕೇಟ್ ಫಾರ್ ಟ್ರಾನ್ಸ್‌ಪೋರ್ಟರ್’ ಎಂದಿದ್ದರೆ ಸ್ಕ್ಯಾನ್ ಬೇಡ. ಅದನ್ನು ಹಸಿರು ಫೈಲಿಗೆ ಸೇರಿಸಿ, ಕೌಂಟರಿನ ಪುಸ್ತಕದಲ್ಲಿ ‘ಒರಿಜಿನಲ್ ಬರಬೇಕು’ ಎಂದು ಬರೆಯಿರಿ.

ಇಡೀ ಪತ್ರದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಭಾಗ. ಎರಡು ಸಲ ಏರುವುದು ಇಲ್ಲಿಗೇ ನಿಂತಿತು. ಆ ಪುಸ್ತಕ ನೋಡಿದರೆ ಯಾವ ಸಪ್ಲೈಯರ್‌ಗೆ ಫೋನ್ ಮಾಡಿ ಬಿಲ್ಲು ಕೇಳಬೇಕು ಎಂದೂ ಗೊತ್ತಾಗುತ್ತದೆ.

ತಾರೀಕು ಬರೆಯುವುದು ಸುಮ್ನೆ ಶಿಸ್ತಿಗಲ್ಲ. ಆ ವೈರ್ ಬಿಲ್ಲಿನ ತಾರೀಕು ಮೇ 30, ಮಾಲು ಬಂದದ್ದು ಜೂನ್ 3. ಕ್ರೆಡಿಟ್ ತೆಗೆದುಕೊಳ್ಳಲು ಬಿಲ್ಲು ಕೈಯಲ್ಲಿದ್ದರೆ ಸಾಲದು, ಮಾಲೂ ಬಂದಿರಬೇಕು. ಸಪ್ಲೈಯರ್ ಮೇ ತಿಂಗಳಲ್ಲೇ ತೋರಿಸಿದ್ದರಿಂದ ಬಿಲ್ಲು ಮೇ ತಿಂಗಳ 2ಬಿಯಲ್ಲಿ ಬಂದಿತ್ತು. ನಾವು ಕ್ರೆಡಿಟ್ ತೆಗೆದುಕೊಳ್ಳಬೇಕಾದದ್ದು ಜೂನ್ ರಿಟರ್ನ್‌ನಲ್ಲಿ. ಪೆನ್ನಿನಲ್ಲಿ ಬರೆದ ‘3-6’ ಇಲ್ಲದಿದ್ದರೆ ಇದು ಮೇಡಂಗೆ ಹೇಗೆ ತಿಳಿಯಬೇಕು?

ಸ್ಕ್ಯಾನ್ ಮತ್ತು ಹೆಸರು

> ಡ್ರೈವ್ ಆ್ಯಪ್‌ನಲ್ಲಿ INWARD ತೆರೆದು ಕ್ಯಾಮೆರಾ ಗುರುತು ಒತ್ತಿ. ಬಿಲ್ಲಿನ ನಾಲ್ಕೂ ಮೂಲೆ ಕಾಣಬೇಕು. ಎರಡು ಪುಟ ಇದ್ದರೆ ಎರಡನ್ನೂ ಒಂದೇ ಪಿಡಿಎಫ್‌ಗೆ ಸೇರಿಸಿ. ಉಳಿಸುವ ಮುಂಚೆ ಹೆಸರು ಹೀಗೆ ಕೊಡಿ: ಬಿಲ್ಲಿನ ತಾರೀಕು, ಸಪ್ಲೈಯರ್ ಗುರುತು, ಬಿಲ್ ನಂಬರು, ಒಟ್ಟು ಮೊತ್ತ.

```
2025-05-30_CAB_GST-1123-25-26_42480.pdf
```

> ತಾರೀಕಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಮೇ ಎಂದರೆ 05, ಬರೀ 5 ಅಲ್ಲ. ಸಪ್ಲೈಯರ್ ಗುರುತುಗಳ ಪಟ್ಟಿ ಕೌಂಟರಿನ ಹಿಂದೆ ಅಂಟಿಸಿದೆ. ಬಿಲ್ ನಂಬರಿನಲ್ಲಿ ಓರೆಗೆರೆ ಇದ್ದರೆ ಅದರ ಜಾಗದಲ್ಲಿ ಅಡ್ಡಗೆರೆ ಹಾಕಿ. ಮೊತ್ತದಲ್ಲಿ ಕಾಮಾ ಬೇಡ, ಪೈಸೆ ಬೇಡ.

ವರ್ಷ ಮೊದಲು ಬಂದರೆ ಫೈಲುಗಳು ತಾವಾಗಿಯೇ ತಾರೀಕಿನ ಪ್ರಕಾರ ಸಾಲಾಗಿ ನಿಲ್ಲುತ್ತವೆ. 30-05 ಎಂದು ಬರೆದರೆ ಎಲ್ಲಾ ತಿಂಗಳ 30ನೇ ತಾರೀಕೂ ಒಂದೇ ಕಡೆ ಗುಂಪಾಗುತ್ತವೆ. ಓರೆಗೆರೆಯ ಕಥೆ ಬೇರೆ. ಜಿಎಸ್‌ಟಿ ಬಿಲ್ ನಂಬರಿನಲ್ಲಿ ಅದಕ್ಕೆ ಅವಕಾಶ ಇದೆ, ಆದರೆ ವಿಂಡೋಸ್ ಕಂಪ್ಯೂಟರ್ ಫೈಲ್ ಹೆಸರಿನಲ್ಲಿ ಅದನ್ನು ಒಪ್ಪುವುದಿಲ್ಲ. ಫೋನಿನಲ್ಲಿ ನಡೆದದ್ದು ಮೇಡಂ ಕಂಪ್ಯೂಟರಿಗೆ ಇಳಿಸುವಾಗ ಬೇರೆ ಹೆಸರಾಗಿರುತ್ತದೆ. ಹಾಗಾಗಿ ಮೊದಲೇ ಅಡ್ಡಗೆರೆ.

ಇನ್ನೊಂದು ವಿಷಯ. ಕಂಪ್ಯೂಟರಿನ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಲು ಆಗದು. ಡ್ರೈವ್‌ನಲ್ಲಿ ಇರಬಹುದು. ‘ಅದೇ ಹೆಸರು ಇದೆ’ ಎಂದು ಅದು ತಡೆಯುತ್ತದೆ ಅಂದುಕೊಳ್ಳಬೇಡಿ. ಆದರೆ ಹೆಸರು ಸರಿಯಾಗಿದ್ದರೆ ಎರಡೂ ಅಕ್ಕಪಕ್ಕ ಬಂದು ಕೂರುತ್ತವೆ, ಕಣ್ಣಿಗೆ ಬೀಳುತ್ತವೆ.

ಯಾರು ಏನು ಮುಟ್ಟಬಾರದು

> INWARDನಿಂದ ತಿಂಗಳ ಫೋಲ್ಡರಿಗೆ ಬಿಲ್ಲನ್ನು ಸರಿಸುವುದು ಮೇಡಂ ಮಾತ್ರ. ಬಿಲ್ಲಿನ ಮೇಲಿರುವ ತಾರೀಕು ಯಾವ ತಿಂಗಳೋ ಆ ಫೋಲ್ಡರು. ಹೆಸರು ತಪ್ಪಾಗಿದ್ದರೆ, ಬಿಲ್ಲು ಇನ್ನೂ INWARDನಲ್ಲೇ ಇದ್ದರೆ ನೀವೇ ಸರಿಮಾಡಿ. ಸರಿಸಿದ ಮೇಲೆ ಗೊತ್ತಾದರೆ ಮೇಡಂಗೆ ಹೇಳಿ. ಏನೇ ಆದರೂ ಡಿಲೀಟ್ ಮಾಡಬೇಡಿ. ತಪ್ಪು ಸ್ಕ್ಯಾನ್ ಆಗಿದ್ದರೆ ಹೆಸರಿನ ಮುಂದೆ XX ಸೇರಿಸಿ ಬಿಡಿ. ಆಯಾ ತಿಂಗಳ ಬಿಲ್ಲು ಮುಂದಿನ ತಿಂಗಳ 5ನೇ ತಾರೀಕಿನೊಳಗೆ ಬಂದಿರಲಿ.

ಡಿಲೀಟ್ ಆದದ್ದು ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ನಮ್ಮ ತಾಳೆ ನಡೆಯುವುದು ಅಷ್ಟರೊಳಗೇ ಎಂದು ಹೇಳಲಾಗದು. 5ನೇ ತಾರೀಕು ಇಟ್ಟದ್ದಕ್ಕೂ ಲೆಕ್ಕ ಇದೆ. ತಿಂಗಳ ರಿಟರ್ನ್ ಹಾಕುವ ಸಪ್ಲೈಯರ್‌ಗಳು 11ರೊಳಗೆ ತಮ್ಮ ಮಾರಾಟ ತೋರಿಸಬೇಕು, 14ಕ್ಕೆ 2ಬಿ ಬರುತ್ತದೆ, 20ಕ್ಕೆ ನಮ್ಮ ರಿಟರ್ನ್. 5ಕ್ಕೇ ನಮ್ಮ ಬಿಲ್ಲು ಒಟ್ಟಾಗಿದ್ದರೆ, ಯಾವ ಸಪ್ಲೈಯರ್‌ಗೆ ‘ನಮ್ಮ ಬಿಲ್ಲು ಸೇರಿಸಿದಿರಾ?’ ಎಂದು ಕೇಳಬೇಕೋ ಕೇಳಲು 11ರವರೆಗೆ ಸಮಯ ಇರುತ್ತದೆ. 14ರ ಮೇಲೆ ಕೇಳಿದರೆ ಆ ತಿಂಗಳಿಗೆ ಆಗುವುದಿಲ್ಲ.

> ಸ್ಕ್ಯಾನ್ ಆಯಿತೆಂದು ಕಾಗದ ಎಸೆಯಬೇಡಿ. ತಿಂಗಳ ಪೆಟ್ಟಿಗೆಗೆ ಹಾಕಿ. ನುಣುಪು ಕಾಗದದ ಚಿಕ್ಕ ಬಿಲ್ಲುಗಳನ್ನು ಬಂದ ದಿನವೇ ಸ್ಕ್ಯಾನ್ ಮಾಡಿ, ಅವುಗಳ ಅಕ್ಷರ ಮಾಸಿಹೋಗುತ್ತದೆ.

ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ದಾಖಲೆ ಇಟ್ಟುಕೊಳ್ಳಬೇಕು. 2025-26ರ ಬಿಲ್ಲುಗಳೆಂದರೆ 2032ರ ಡಿಸೆಂಬರ್‌ವರೆಗೆ. ಹಂಚಿಕೊಂಡ ಫೋಲ್ಡರ್ ಅಷ್ಟು ವರ್ಷಕ್ಕೆ ಸಾಕೆಂಬ ನಂಬಿಕೆ ನನಗಿಲ್ಲ. ರಿಟರ್ನ್ ಹಾಕಿದ ದಿನ ಆ ತಿಂಗಳ ಫೋಲ್ಡರನ್ನು ಹಾರ್ಡ್ ಡಿಸ್ಕಿಗೂ ಇಳಿಸುತ್ತೇನೆ.

ಕೊಡುವ ಮುಂಚೆ ಒಂದು ಪರೀಕ್ಷೆ

ಪತ್ರವನ್ನು ಅಂಗಡಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಕೊಟ್ಟು, ಜೊತೆಗೊಂದು ಸ್ವಿಚ್ ಬಿಲ್ಲು ಕೊಟ್ಟು, ಸುಮ್ಮನೆ ಪಕ್ಕದಲ್ಲಿ ನಿಂತೆ. ಎರಡು ಕಡೆ ತಡವರಿಸಿದ. ಬಿಲ್ಲಿನ ಮೇಲೆ ಬಿಲ್ ನಂಬರು, ಆರ್ಡರ್ ನಂಬರು, ಇ-ವೇ ಬಿಲ್ ನಂಬರು ಮೂರೂ ಇದ್ದವು, ಯಾವುದು ಹಾಕಬೇಕು? ಮೊತ್ತ ಎಂದರೆ ತೆರಿಗೆ ಸೇರಿಸಿಯೋ, ಬಿಟ್ಟೋ? ನನಗೆ ಇವು ಪ್ರಶ್ನೆ ಅಂತಲೇ ಅನಿಸಿರಲಿಲ್ಲ. ಒಂದು ಹಳೇ ಬಿಲ್ಲಿನ ಝೆರಾಕ್ಸ್ ತೆಗೆದು, ನಾಲ್ಕು ಜಾಗಕ್ಕೆ ಕೆಂಪು ಸುತ್ತು ಹಾಕಿ, ಪತ್ರದ ಹಿಂದೆ ಪಿನ್ ಮಾಡಿದೆ. ಮೊತ್ತಕ್ಕೆ ಸುತ್ತಿದ್ದು ತೆರಿಗೆ ಸೇರಿದ ಕೊನೇ ಅಂಕಿ.

ಜುಲೈ ಮುಗಿದ ಮೇಲೆ ಮೂರು ಎಣಿಕೆ ಪಕ್ಕಪಕ್ಕ ಇಟ್ಟು ನೋಡಿದೆವು: ಫೋಲ್ಡರಿನಲ್ಲಿದ್ದ ಫೈಲು, ಖರೀದಿ ಲೆಕ್ಕದಲ್ಲಿದ್ದ ಬಿಲ್ಲು, 2ಬಿಯಲ್ಲಿದ್ದ ಸಾಲು. ಎರಡು ಬಿಲ್ಲು ಲೆಕ್ಕದಲ್ಲೂ 2ಬಿಯಲ್ಲೂ ಇದ್ದವು, ಫೋಲ್ಡರಿನಲ್ಲಿ ಇರಲಿಲ್ಲ. ಯಾರು ಹಾಕಲಿಲ್ಲ ಎಂದು ಮೇಡಂ ಹುಡುಕಿದರು. ಒಂದನ್ನು ಸಪ್ಲೈಯರ್ ರಾತ್ರಿ ಒಂಬತ್ತಕ್ಕೆ ನನ್ನ ಸ್ವಂತ ವಾಟ್ಸ್ಆ್ಯಪ್‌ಗೆ ಕಳಿಸಿದ್ದ, ಇನ್ನೊಂದು ನನ್ನ ಸ್ಕೂಟರಿನ ಡಿಕ್ಕಿಯಲ್ಲಿತ್ತು.