ಕೋಶಕೇಂದ್ರವನ್ನು ಮೊದಲು ಬರೆದರೆ ರಸದಾನಿಗೆ ಜಾಗವೆಲ್ಲಿ?

ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಸಸ್ಯಕೋಶದ ಚಿತ್ರದಲ್ಲಿ ಹೆಚ್ಚಿನ ಮಕ್ಕಳದು ಒಂದೇ ತಪ್ಪು: ಕೋಶಕೇಂದ್ರ ನಟ್ಟನಡುವೆ, ರಸದಾನಿ ಮೂಲೆಯಲ್ಲಿ ಕಡಲೆಕಾಳಿನಷ್ಟು. ಒಬ್ಬ ಹುಡುಗ ರಸದಾನಿಯನ್ನೇನೋ ದೊಡ್ಡದಾಗಿ ಬರೆದಿದ್ದ, ಆದರೆ ಕೋಶಕೇಂದ್ರವನ್ನು ಅದರೊಳಗೇ ಕೂರಿಸಿದ್ದ. ಇಷ್ಟು ಮಂದಿ ಒಂದೇ ರೀತಿ ತಪ್ಪುವುದು ಹೇಗೆ ಎಂದು ಯೋಚಿಸಿದಾಗ ಹೊಳೆಯಿತು, ತಪ್ಪಿನ ಮೂಲ ನಾನೇ. ಕಪ್ಪು ಹಲಗೆಯ ಮೇಲೆ ಚೌಕಟ್ಟು ಎಳೆದ ಕೂಡಲೇ ನಡುವೆ ಕೋಶಕೇಂದ್ರ ಬರೆಯುವುದು ನನ್ನ ಕೈಗೆ ಅಂಟಿದ ರೂಢಿಯಾಗಿತ್ತು. ಅದು ಪ್ರಾಣಿಕೋಶದ ಚಿತ್ರಕ್ಕೆ ಹೊಂದುತ್ತದೆ. ಬಲಿತ ಸಸ್ಯಕೋಶದಲ್ಲಿ ನಡುಜಾಗವೆಲ್ಲ ರಸದಾನಿಯದು. ಕೋಶಕೇಂದ್ರ ಅಂಚಿಗೆ ಸರಿದು, ತೆಳುವಾದ ಕೋಶದ್ರವ್ಯದ ಪದರದಲ್ಲಿ ಇರುತ್ತದೆ.

ಮರುವಾರದಿಂದ ಕ್ರಮ ಬದಲಿಸಿದೆ. ಮೊದಲು ಸುಮಾರು ಎಂಟು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲದ ಕೋಶಭಿತ್ತಿ. ಅದರ ಒಳಗೆ ಎರಡು ಮಿಲಿಮೀಟರ್ ಬಿಟ್ಟು ಕೋಶಪೊರೆ. ಮೂರನೆಯದಾಗಿ ರಸದಾನಿ, ಒಳಜಾಗದ ಅರ್ಧಕ್ಕಿಂತ ಹೆಚ್ಚು. ಆಮೇಲೆ ಉಳಿದ ಅಂಚಿನಲ್ಲಿ ಕೋಶಕೇಂದ್ರ, ಕ್ಲೋರೋಪ್ಲಾಸ್ಟ್, ಮೈಟೊಕಾಂಡ್ರಿಯಾ. ಈ ಕ್ರಮದಲ್ಲಿ ಬರೆದರೆ ತಪ್ಪಾಗಿ ಬರೆಯಲು ಜಾಗವೇ ಉಳಿಯುವುದಿಲ್ಲ.

ಭಾಗಗಳನ್ನು ಗುರುತಿಸುವಾಗ ಹೆಚ್ಚು ಅಂಕ ಹೋಗುವುದು ಆ ಎರಡು ಮಿಲಿಮೀಟರಿನಲ್ಲಿ. ಕೋಶಪೊರೆ ಎಂದು ಬರೆದು ಎಳೆದ ಗೆರೆ ಹೊರಗಿನ ಭಿತ್ತಿಯನ್ನು ಮುಟ್ಟಿ ನಿಂತರೆ, ಹೆಸರು ಗೊತ್ತಿದ್ದೂ ಉತ್ತರ ತಪ್ಪು. ಗೆರೆ ಭಿತ್ತಿಯನ್ನು ದಾಟಿ ಪೊರೆಯ ಮೇಲೆಯೇ ನಿಲ್ಲಬೇಕು. ಕೋಶದ್ರವ್ಯದ್ದು ಇನ್ನೊಂದು ಕಷ್ಟ: ಅದಕ್ಕೆ ಆಕಾರವಿಲ್ಲ, ಹಾಗಾಗಿ ಗೆರೆಯ ತುದಿ ಯಾವ ಅಂಗಕವನ್ನೂ ಮುಟ್ಟದೆ ಖಾಲಿ ಜಾಗದಲ್ಲಿ ಮುಗಿಯಬೇಕು. ಮಕ್ಕಳು ಹೆಸರುಗಳನ್ನು ಅಳಿಸಿ, ಗೆರೆಗಳನ್ನಷ್ಟೇ ಉಳಿಸಿ ಪಕ್ಕದವರಿಗೆ ಕೊಡುವಂತೆ ಮಾಡಿದೆ. ಪಕ್ಕದವರು ಬೇರೆ ಹೆಸರು ಬರೆದರೆ ಗೆರೆ ಸರಿಯಿಲ್ಲ ಎಂದರ್ಥ. ನನ್ನ ಕೆಂಪು ಶಾಯಿಗಿಂತ ಇದು ಬೇಗ ಕೆಲಸ ಮಾಡಿತು.

ಪ್ರಾಣಿಕೋಶದ ತಪ್ಪು ಹೆಚ್ಚಾಗಿ ಅಭ್ಯಾಸಬಲದ್ದು. ಸಸ್ಯಕೋಶ ಬರೆದ ಕೈ ಇಲ್ಲಿಯೂ ಹೊರಗೆ ಎರಡು ಗೆರೆ ಎಳೆದುಬಿಡುತ್ತದೆ. ಪ್ರಾಣಿಕೋಶಕ್ಕೆ ಭಿತ್ತಿಯಿಲ್ಲ, ಪೊರೆಯ ಒಂದೇ ಗೆರೆ ಸಾಕು, ಅದು ಬಳೆ ಇಟ್ಟು ಎಳೆದಂತೆ ದುಂಡಗಿರಬೇಕಾಗಿಯೂ ಇಲ್ಲ.

ಪ್ರಶ್ನೆಯನ್ನೇ ಓದದವರದು ಬೇರೆ ಕತೆ. ಸೂಕ್ಷ್ಮದರ್ಶಕದಲ್ಲಿ ಕಂಡ ಈರುಳ್ಳಿ ಪೊರೆಯ ಕೋಶ ಬರೆಯಿರಿ ಎಂದರೆ, ಒಬ್ಬ ಹುಡುಗಿ ಪಠ್ಯದ ಸಸ್ಯಕೋಶವನ್ನು ಹಸಿರು ಕ್ಲೋರೋಪ್ಲಾಸ್ಟ್ ಸಮೇತ ಇಳಿಸಿದ್ದಳು.

“ಸರ್, ಈರುಳ್ಳಿಯೂ ಗಿಡವೇ ಅಲ್ಲವೇ?” ಎಂದು ವಾದಿಸಿದಳು.

ಹಸಿರು ಇರುವುದು ಅದರ ಎಲೆಯಲ್ಲಿ. ಮಣ್ಣಿನೊಳಗಿನ ಗೆಡ್ಡೆಯ ಪೊರೆಯಲ್ಲಲ್ಲ ಎಂದೆ. ಮರುದಿನ ಅವಳೇ ಅಯೋಡಿನ್ ಹಾಕಿದ ಸ್ಲೈಡ್ ನೋಡಿ, ಭಿತ್ತಿ, ಅಂಚಿನ ಕೋಶಕೇಂದ್ರ, ಕೋಶದ್ರವ್ಯ, ನಡುವಿನ ರಸದಾನಿ ಇಷ್ಟನ್ನೇ ಬರೆದು ತಂದಳು. ಹಸಿರು ಪೆನ್ಸಿಲ್ ಪೆಟ್ಟಿಗೆಯಲ್ಲೇ ಇತ್ತು.