ಊರಲ್ಲಿ ಸಾವಾದಾಗ ಅಮೆರಿಕದಿಂದ ಹೊರಡುವುದು: ‘ಬಿರೀವ್‌ಮೆಂಟ್’ ದರದ ಅಸಲಿ ಲೆಕ್ಕ

ಅಪ್ಪನೋ ಅಮ್ಮನೋ ತೀರಿಕೊಂಡ ಸುದ್ದಿ ಬಂದ ಅರ್ಧ ಗಂಟೆಯೊಳಗೆ ಕಣ್ಣಿಗೆ ಬಿದ್ದ ಮೊದಲ ಟಿಕೆಟ್ಟನ್ನೇ ಕೊಂಡುಬಿಡುವವರಿದ್ದಾರೆ. ಸಾವಿನ ಮನೆಗೆ ಹೋಗುವವರಿಗೆ ವಿಮಾನ ಕಂಪನಿಗಳು ಕೊಡುವ ರಿಯಾಯಿತಿಯಾದ ‘ಬಿರೀವ್‌ಮೆಂಟ್’ ದರದಲ್ಲಿ ಟಿಕೆಟ್ ಅರ್ಧ ಬೆಲೆಗೆ ಸಿಗುತ್ತದೆಂದು ನಂಬಿ ಗಂಟೆಗಟ್ಟಲೆ ಫೋನಿನಲ್ಲಿ ಕಾಯುವವರೂ ಇದ್ದಾರೆ. ಅಮೆರಿಕ, ಕೆನಡಾಗಳಲ್ಲಿರುವ ನಮ್ಮವರು ಈ ಎರಡು ಕಡೆಯೂ ಎಡವುವುದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಊರಿಗೆ ಫೋನ್ ಮಾಡಿ

ಟಿಕೆಟ್ ಹುಡುಕುವ ಮೊದಲು ಮನೆಯವರಿಗೆ ನೇರವಾಗಿ ಕೇಳಿ: ‘ನಾನು ಬರುವವರೆಗೆ ಕಾಯುತ್ತೀರಾ?’ ಕೇಳಲು ಕಷ್ಟವಾದ ಮಾತು, ಆದರೆ ಎಷ್ಟು ಖರ್ಚು ಮಾಡಬೇಕು ಎಂಬುದು ನಿಂತಿರುವುದೇ ಇದರ ಮೇಲೆ. ಅಟ್ಲಾಂಟಾದಿಂದ ಬೆಂಗಳೂರಿಗೆ ಒಂದು ಕಡೆ ವಿಮಾನ ಬದಲಿಸಿ ಬಂದರೂ ಸುಮಾರು ಒಂದು ದಿನ ಹಿಡಿಯುತ್ತದೆ. ಅಲ್ಲಿಂದ ಹಾಸನವೋ ಶಿವಮೊಗ್ಗವೋ ಆದರೆ ಇನ್ನೂ ಕೆಲವು ಗಂಟೆ. ಫ್ರೀಜರ್ ಬಾಕ್ಸ್‌ನಲ್ಲಿಟ್ಟು ಕಾಯುತ್ತೇವೆ ಎಂದರೆ ಇವತ್ತೇ, ಎಷ್ಟೇ ದರವಾದರೂ ಹೊರಡಿ. ಸಂಸ್ಕಾರ ಇವತ್ತೇ ಮುಗಿಸುತ್ತೇವೆ ಎಂದರೆ ನೀವು ಹಿಡಿಯಬೇಕಾದದ್ದು ಹತ್ತನೇ ದಿನ, ಹನ್ನೊಂದನೇ ದಿನದ ಕರ್ಮಗಳನ್ನು. ಆಗ ಎರಡು ಮೂರು ದಿನಗಳ ಸಡಿಲ ಸಿಗುತ್ತದೆ, ನಾಳೆ ನಾಡಿದ್ದಿನ ದರಗಳನ್ನೂ ನೋಡಬಹುದು.

2. ಪಾಸ್‌ಪೋರ್ಟ್, ವೀಸಾ ತೆಗೆದು ನೋಡಿ

ಅಮೆರಿಕದ ಪೌರರಾಗಿದ್ದರೆ ಒಸಿಐ ಕಾರ್ಡ್ ಕೈಯಲ್ಲಿರಲಿ. ಇಲ್ಲದಿದ್ದರೆ ಭಾರತೀಯ ಕಾನ್ಸುಲೇಟಿನ ತುರ್ತು ಸೇವೆಗೆ ಕರೆ ಮಾಡಿ. ಎಚ್-1ಬಿಯಲ್ಲಿದ್ದು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೆ ಎರಡು ತೊಡಕು: ಮರಳಲು ಹೊಸ ಸ್ಟಾಂಪ್ ಬೇಕು, ಯುರೋಪಿನ ಕೆಲವು ನಿಲ್ದಾಣಗಳಲ್ಲಿ ವಿಮಾನ ಬದಲಿಸಲು ಟ್ರಾನ್ಸಿಟ್ ವೀಸಾ ಕೇಳಬಹುದು. ಅಂಥವರು ದೋಹಾ, ದುಬೈ ಅಥವಾ ಅಬುಧಾಬಿ ಮೂಲಕವೇ ಬನ್ನಿ.

3. ಆನ್‌ಲೈನ್ ದರ ಬರೆದಿಟ್ಟುಕೊಳ್ಳಿ

ಹೋಗಿಬರುವ ದರವನ್ನೂ ಒಂದೇ ಕಡೆಯ ದರವನ್ನೂ ನೋಡಿ. ಬದಲಾಯಿಸಲು ಎಷ್ಟು ಶುಲ್ಕ ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಿ. ಈ ಚೀಟಿ ಇಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ.

4. ಫೋನ್ ಕರೆ: ಬಹಳ ಜನ ಸೋಲುವುದು ಇಲ್ಲೇ

ಅಮೆರಿಕನ್ ಮತ್ತು ಯುನೈಟೆಡ್ 2014ರಲ್ಲೇ ಬಿರೀವ್‌ಮೆಂಟ್ ದರವನ್ನು ನಿಲ್ಲಿಸಿವೆ, ಅವರಿಗೆ ಕರೆ ಮಾಡಿ ಸಮಯ ಕಳೆಯಬೇಡಿ. ಉಳಿಸಿಕೊಂಡಿರುವವರಲ್ಲಿ ಡೆಲ್ಟಾ, ಅಲಾಸ್ಕಾ, ಏರ್ ಕೆನಡಾ, ವೆಸ್ಟ್‌ಜೆಟ್ ಇವೆ. ಈ ದರ ಸಾಮಾನ್ಯವಾಗಿ ವೆಬ್‌ಸೈಟಿನಲ್ಲಿ ಕಾಣುವುದಿಲ್ಲ, ಫೋನಿನಲ್ಲಿ ಕೇಳಿಯೇ ಪಡೆಯಬೇಕು. ಡೆಲ್ಟಾದಲ್ಲಿ ಅವರ ಸ್ಕೈಮೈಲ್ಸ್ ಸದಸ್ಯತ್ವ ಬೇಕು. ಅದು ಉಚಿತ, ಕರೆಗೆ ಮೊದಲೇ ಮಾಡಿಕೊಳ್ಳಿ.

ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ‘ಕಸ್ಟಮರ್ ಕೇರ್’ ನಂಬರಿಗೆ ಮಾತ್ರ ಕರೆ ಮಾಡಬೇಡಿ. ವಿಮಾನ ಕಂಪನಿಯ ಸೋಗಿನಲ್ಲಿ ಕೂತು, ದುಃಖದಲ್ಲಿರುವವರಿಂದ ಕಾರ್ಡ್ ನಂಬರ್ ಕಿತ್ತುಕೊಳ್ಳುವವರಿದ್ದಾರೆ. ಕಂಪನಿಯ ಸ್ವಂತ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿರುವ ನಂಬರನ್ನಷ್ಟೇ ಒತ್ತಿ.

ಅವರು ಕೇಳುವುದು ಇಷ್ಟು: ತೀರಿಕೊಂಡವರ ಹೆಸರು, ನಿಮಗೆ ಏನಾಗಬೇಕು, ಆಸ್ಪತ್ರೆ ಅಥವಾ ಫ್ಯೂನರಲ್ ಹೋಮ್‌ನ ಹೆಸರು ಮತ್ತು ಫೋನ್ ನಂಬರ್. ನಮ್ಮವರು ತಡವರಿಸುವುದು ಈ ಕೊನೆಯ ಪ್ರಶ್ನೆಗೆ, ಏಕೆಂದರೆ ನಮ್ಮ ಊರುಗಳಲ್ಲಿ ಫ್ಯೂನರಲ್ ಹೋಮ್ ಎಂಬುದಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅದರ ಸ್ವಾಗತ ವಿಭಾಗದ ನಂಬರನ್ನು ದೇಶದ ಕೋಡ್ 91ರ ಸಮೇತ ಬರೆದಿಟ್ಟುಕೊಳ್ಳಿ. ಮನೆಯಲ್ಲೇ ಆಗಿದ್ದರೆ ಸಾವನ್ನು ದೃಢೀಕರಿಸಿದ ವೈದ್ಯರ ಹೆಸರು ಮತ್ತು ನಂಬರನ್ನು ಅಣ್ಣತಮ್ಮಂದಿರಿಂದ ತರಿಸಿಕೊಳ್ಳಿ, ಅದು ಸಾಕೇ ಎಂದು ಅಲ್ಲೇ ಕೇಳಿ. ಸಂಬಂಧವನ್ನು ಇದ್ದಂತೆಯೇ ಹೇಳಿ. ಯಾರು ‘ಹತ್ತಿರದ ಬಂಧು’ ಎಂಬ ಪಟ್ಟಿ ಕಂಪನಿಯಿಂದ ಕಂಪನಿಗೆ ಬೇರೆ. ದೊಡ್ಡಪ್ಪನ ಮಗನನ್ನು ಸ್ವಂತ ಅಣ್ಣ ಎಂದು ಹೇಳಿ, ಆಮೇಲೆ ದಾಖಲೆ ಕೇಳಿದಾಗ ಸಿಕ್ಕಿಬೀಳಬೇಡಿ.

ದರ ಹೇಳಿದ ಕೂಡಲೇ ಹೂಂ ಅನ್ನಬೇಡಿ. ಮೂರು ಪ್ರಶ್ನೆ ಕೇಳಿ. ಮರಳುವ ದಿನ ಬದಲಾಯಿಸಿದರೆ ಶುಲ್ಕವಿದೆಯೇ? ಶುಲ್ಕ ಇಲ್ಲದಿದ್ದರೂ ಆ ದಿನದ ದರ ಹೆಚ್ಚಿದ್ದರೆ ವ್ಯತ್ಯಾಸ ಕೊಡಬೇಕೇ? ಬೆಂಗಳೂರಿನವರೆಗಿನ ಪಾಲುದಾರ ಕಂಪನಿಯ ವಿಮಾನಕ್ಕೂ ಈ ದರ ಅನ್ವಯಿಸುತ್ತದೆಯೇ? ಎರಡನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ‘ಶುಲ್ಕವಿಲ್ಲ’ ಎಂಬ ಮಾತನ್ನು ‘ಏನೂ ಕೊಡಬೇಕಿಲ್ಲ’ ಎಂದು ತಿಳಿದುಕೊಂಡು, ಹದಿಮೂರನೇ ದಿನ ಕಳೆದ ಮೇಲೆ ದಿಗಿಲು ಬೀಳುತ್ತಾರೆ.

5. ಈಗ ಲೆಕ್ಕ ಹಾಕಿ

ಈ ರಿಯಾಯಿತಿ ದೊಡ್ಡದಲ್ಲ. ಅಲಾಸ್ಕಾ ಏರ್‌ಲೈನ್ಸ್ ಕೊಡುವುದು 10 ಪ್ರತಿಶತ, ಅದೂ 7 ದಿನಗಳೊಳಗಿನ ಪ್ರಯಾಣಕ್ಕೆ. ಹಲವು ಸಲ ಈ ರಿಯಾಯಿತಿಯನ್ನು, ದಿನಾಂಕ ಬದಲಾಯಿಸಬಹುದಾದ ದುಬಾರಿ ಟಿಕೆಟ್ಟಿನ ದರದಿಂದ ಕಳೆದು ಹೇಳುತ್ತಾರೆ. ಹಾಗಾಗಿ ಆನ್‌ಲೈನಿನ ಅಗ್ಗದ ಟಿಕೆಟ್‌ಗಿಂತ ಬಿರೀವ್‌ಮೆಂಟ್ ದರವೇ ಹೆಚ್ಚಾಗುವುದುಂಟು. ನೀವು ಅಲ್ಲಿ ಕೊಳ್ಳುತ್ತಿರುವುದು ಅಗ್ಗದ ಸೀಟನ್ನಲ್ಲ, ಮರಳುವ ದಿನದ ಸಡಿಲವನ್ನು.

ಒಂದು ಲೆಕ್ಕ ಕಟ್ಟಿಕೊಳ್ಳೋಣ. ಆನ್‌ಲೈನ್ ಟಿಕೆಟ್ 1,450 ಡಾಲರ್, ದಿನ ಬದಲಾಯಿಸಲು 200 ಡಾಲರ್ ಶುಲ್ಕ, ಮೇಲೆ ದರದ ವ್ಯತ್ಯಾಸ. ಫೋನಿನಲ್ಲಿ ಹೇಳಿದ ದರ 1,800, ಶುಲ್ಕವಿಲ್ಲ, ವ್ಯತ್ಯಾಸವಿದ್ದರೆ ಕೊಡಬೇಕು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಖಂಡಿತ ಹೊರಡುವವರಿಗೆ ಮೊದಲನೆಯದರಲ್ಲಿ 350 ಉಳಿತಾಯ. ಒಮ್ಮೆ ದಿನ ಬದಲಾಯಿಸಿ, ಎರಡರಲ್ಲೂ ವ್ಯತ್ಯಾಸ 300 ಬಂತು ಎಂದುಕೊಳ್ಳಿ: ಮೊದಲನೆಯದು 1,950, ಎರಡನೆಯದು 2,100. ಆಗಲೂ ಅಗ್ಗದ್ದೇ ಗೆದ್ದಿತು! ಎರಡು ಮೂರು ಸಲ ಬದಲಾಯಿಸುವ ಸಂಭವವಿದ್ದರೆ, ಅಂದರೆ ಅಮ್ಮನನ್ನು ಒಬ್ಬರನ್ನೇ ಬಿಟ್ಟು ಹೊರಡುವಂತಿಲ್ಲ, ಬ್ಯಾಂಕು, ಖಾತೆ ಬದಲಾವಣೆಯ ಕೆಲಸ ಬಾಕಿಯಿದೆ ಎಂದಾದರೆ ಮಾತ್ರ ಎರಡನೆಯದರತ್ತ ವಾಲಿ.

ಮೈಲ್ಸ್ ಕೂಡಿಟ್ಟುಕೊಂಡವರಿಗೆ ನನ್ನ ಖಚಿತ ಸಲಹೆ: ಈ ಎಲ್ಲ ಲೆಕ್ಕಕ್ಕಿಂತ ಮೊದಲು ಅದರಲ್ಲಿ ಸೀಟು ಹುಡುಕಿ. ಒಂದೇ ಕಡೆಯ ಟಿಕೆಟ್ ಸಿಗುತ್ತದೆ, ಮರಳುವ ದಿನವನ್ನು ಊರಿಗೆ ಹೋಗಿ ತೀರ್ಮಾನಿಸಬಹುದು. ಅಮೆರಿಕನ್, ಯುನೈಟೆಡ್, ಡೆಲ್ಟಾಗಳಲ್ಲಿ ಅಮೆರಿಕದಿಂದ ಹೊರಡುವ ಮೈಲ್ಸ್ ಟಿಕೆಟ್ಟನ್ನು ವಿಮಾನ ಹೊರಡುವ ಮೊದಲು ರದ್ದು ಮಾಡಿದರೆ ಸಾಮಾನ್ಯವಾಗಿ ಮೈಲ್ಸ್ ಪೂರ್ತಿ ಮರಳುತ್ತದೆ. ಹಾಗಾಗಿ ಸಿಕ್ಕಿದ್ದನ್ನು ಹಿಡಿದಿಟ್ಟು ಉಳಿದದ್ದನ್ನು ಹುಡುಕಬಹುದು. ದುಡ್ಡು ಕೊಟ್ಟ ಟಿಕೆಟ್ಟಿಗೆ ಈ ಧೈರ್ಯ ಬೇಡ: 24 ಗಂಟೆಯೊಳಗೆ ರದ್ದು ಮಾಡಿದರೆ ಪೂರ್ತಿ ಹಣ ಎಂಬ ಅಮೆರಿಕದ ನಿಯಮ, ಪ್ರಯಾಣಕ್ಕೆ 7 ದಿನ ಅಥವಾ ಹೆಚ್ಚು ಮೊದಲು ಕೊಂಡವರಿಗೆ. ನಾಳೆಯ ವಿಮಾನಕ್ಕೆ ಅದು ಕಡ್ಡಾಯವಲ್ಲ.

6. ಕೊಳ್ಳುವಾಗ

ದೆಹಲಿವರೆಗೆ ಒಂದು, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು ಎಂದು ಬೇರೆ ಬೇರೆ ಟಿಕೆಟ್ ಮಾಡಬೇಡಿ. ಮೊದಲನೆಯದು ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ನಮ್ಮವರ ಟ್ರಾವೆಲ್ ಏಜೆಂಟರಲ್ಲಿ ಕೊನೆ ಗಳಿಗೆಗೂ ಕಡಿಮೆ ದರ ಸಿಗುವುದುಂಟು, ಕೇಳಿ ನೋಡಿ. ಆದರೆ ಆ ಟಿಕೆಟ್ಟಿನ ದಿನ ಬದಲಾಯಿಸಲು ಏಜೆಂಟರ ಬಳಿಯೇ ಹೋಗಬೇಕಾಗುತ್ತದೆ. ಅಲ್ಲಿ ರಾತ್ರಿಯಾದಾಗ ಅವರು ಫೋನ್ ಎತ್ತುತ್ತಾರೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ.

ಈಗ ಪೂರ್ತಿ ದರ ಕೊಟ್ಟು, ಆಮೇಲೆ ಮರಣ ಪ್ರಮಾಣಪತ್ರ ಕಳಿಸಿ ವ್ಯತ್ಯಾಸ ವಾಪಸ್ ಪಡೆಯೋಣ ಎಂಬ ಲೆಕ್ಕ ಬೇಡ. ಏರ್ ಕೆನಡಾ ಪ್ರಯಾಣ ಮುಗಿದ ಮೇಲೆ ಈ ದರ ಕೊಡುವುದಿಲ್ಲ. ಪ್ರಮಾಣಪತ್ರ ಬೇಕಾಗುವುದು ಇನ್ನೊಂದಕ್ಕೆ: ಸಾವಿನ ಕಾರಣ ರದ್ದು ಮಾಡಿದ ಬೇರೆ ಟಿಕೆಟ್ ನಿಮ್ಮ ಬಳಿಯಿದ್ದರೆ, ದಂಡ ಮನ್ನಾ ಕೇಳಲು. ಕರ್ನಾಟಕದಲ್ಲಿ ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ನೀವು ಮರಳುವುದರೊಳಗೆ ಅದನ್ನು ಮಾಡಿಸಿ, ನಾಲ್ಕೈದು ಪ್ರತಿ ತೆಗೆದುಕೊಂಡು ಹೊರಡಿ.