ಮೊದಲು ಖಾಲಿ ಬ್ರ್ಯಾಕೆಟ್, ಆಮೇಲೆ ಲಾಗ್

ದಾವಣಗೆರೆಯಲ್ಲಿ ಬಿ.ಎಸ್ಸಿ. ಹುಡುಗರಿಗೆ ಟ್ಯೂಷನ್ ಹೇಳಲು ಶುರು ಮಾಡಿ ಹನ್ನೊಂದು ವರ್ಷವಾಯಿತು. 0^0, ∞^0 ಲಿಮಿಟ್ ಬಂದರೆ ಲಾಗ್ ತಗೋಬೇಕು ಅಂತ ಎಲ್ಲರಿಗೂ ಗೊತ್ತು. ಆದರೂ ಪ್ರತಿ ಬ್ಯಾಚಿನಲ್ಲಿ ಹೆಚ್ಚುಕಡಿಮೆ ಅರ್ಧ ಹುಡುಗರು ಮಾರ್ಕ್ಸ್ ಕಳೆದುಕೊಳ್ಳುತ್ತಿದ್ದರು. x^x ಕೊಟ್ಟು x→0+ ಅಂದರೆ, x·ln x ಸೊನ್ನೆಗೆ ಹೋಗುತ್ತದೆ ಅಂತ ನೀಟಾಗಿ ತೋರಿಸಿ, ಕೆಳಗೆ ಎರಡು ಗೆರೆ ಎಳೆದು ‘ಉತ್ತರ 0’ ಅಂತ ಬರೆದು ಬರುತ್ತಿದ್ದರು. ಅದು ಲಾಗಿನ ಉತ್ತರ ಕಣ್ರೋ, ಲಿಮಿಟ್ e^0, ಅಂದರೆ 1!

ಮೊದಲು ಬಣ್ಣದ ನೋಟ್ಸ್ ಪ್ರಿಂಟ್ ಹಾಕಿಸಿದೆ. ಸುಮಾರು ನಾಲ್ಕು ಸಾವಿರ ಹೋಯಿತು. ಯಾರೂ ಓದಲಿಲ್ಲ, ಉಳಿದ ಹಾಳೆಗಳ ಮೇಲೆ ಸಂಜೆ ಮಂಡಕ್ಕಿ ಹಾಕಿಕೊಂಡು ತಿಂದೆವು.

ಆಮೇಲೆ ಹೊಳೆದದ್ದು ಇದು: ಲೆಕ್ಕ ಮುಟ್ಟುವ ಮೊದಲೇ ಹಾಳೆಯ ಕೊನೆಯಲ್ಲಿ `L = e^(   )` ಅಂತ ಬರೆಸುವುದು. ಮೇಲೆ ಲಾಗ್ ತಗೊಂಡು ಏನೇ ಬಂದರೂ ಅದು ಹೋಗಬೇಕಾದ್ದು ಆ ಬ್ರ್ಯಾಕೆಟ್ಟಿಗೆ ಮಾತ್ರ. “ಏನ್ ಸಾರ್, ಲೆಕ್ಕ ಮಾಡೋಕೆ ಮುಂಚೆನೇ ಉತ್ತರ ಬರೆಸ್ತೀರಾ?” ಅಂತ ಲೆಕ್ಚರರ್ ಗೆಳೆಯನೊಬ್ಬ ನಕ್ಕ. ಇಬ್ಬರು ಹುಡುಗರು ಅರ್ಧ ಫೀಸ್ ಬಾಕಿ ಇಟ್ಟು ಬೇರೆ ಕಡೆ ಹೋದರು. ಕಳೆದ ಬ್ಯಾಚಿನ ಇಪ್ಪತ್ತಾರು ಜನರಲ್ಲಿ ‘0’ ಬರೆದವರು ಇಬ್ಬರೋ ಮೂವರೋ ಅಷ್ಟೇ.

ಇನ್ನೊಂದು ಗುಂಡಿ ಭಾಗ ಮಾಡುವಾಗ ಸಿಗುತ್ತದೆ. x·ln x ಅನ್ನು x/(1/ln x) ಮಾಡಿ ಎಲ್-ಹಾಸ್ಪಿಟಲ್ ಹಾಕಿದರೆ −x(ln x)² ಬರುತ್ತದೆ. ಮೊದಲಿಗಿಂತ ಕೆಟ್ಟದ್ದು, ಅಲ್ವಾ? ಲಾಗ್ ಮೇಲೇ ಇರಲಿ, ಇನ್ನೊಂದನ್ನು ಕೆಳಗೆ ತಿರುಗಿಸಿ. x→0+ ಆದಾಗ (cot x)^(sin x) ನೋಡಿ. ಇದು ∞^0. ಲಾಗ್ ತಗೊಂಡರೆ ln(cot x)/cosec x. ಮೇಲೂ ಕೆಳಗೂ ಡೆರಿವೇಟಿವ್ ತಗೊಂಡು ಕ್ಯಾನ್ಸಲ್ ಮಾಡಿದರೆ ಉಳಿಯುವುದು sin x/cos²x, ಅದು ಸೊನ್ನೆಗೆ ಹೋಗುತ್ತದೆ. ಬ್ರ್ಯಾಕೆಟ್ಟಿಗೆ 0, ಉತ್ತರ 1.

ಇಂಥ ನಾಲ್ಕು ಲೆಕ್ಕ ಆದ ಮೇಲೆ ಹುಡುಗರು ಎಲ್ಲಕ್ಕೂ ಕಣ್ಣು ಮುಚ್ಚಿ 1 ಅಂತಾರೆ. ಆಗ (e^x + x)^(1/x) ಕೊಡುತ್ತೇನೆ, x→∞. ಲಾಗಿಗೆ ಎಲ್-ಹಾಸ್ಪಿಟಲ್ ಹಾಕಿದರೆ (e^x + 1)/(e^x + x), ಅದು 1ಕ್ಕೆ ಹೋಗುತ್ತದೆ. ಹಾಗಾಗಿ ಉತ್ತರ e. ಇದೇ ಲೆಕ್ಕದಲ್ಲಿ x→0 ಮಾಡಿದರೆ ಅದು 1^∞ ಆಗಿ e² ಕೊಡುತ್ತದೆ. ಪೆನ್ ಎತ್ತದೆ ಇದನ್ನು ಹೇಳುವ ಒಂದು ದಾರಿ ನನ್ನ ಹತ್ತಿರ ಇದೆ, ಅದು ಬ್ಯಾಚಿಗೆ ಬಂದವರಿಗೆ ಮಾತ್ರ!

ಒಮ್ಮೆ ಸುಮ್ನೆ ಕ್ಯಾಲ್ಕುಲೇಟರಿನಲ್ಲಿ ಆಡಿದ್ದೆವು. 0.1^0.1 ಸುಮಾರು 0.79, 0.01^0.01 ಸುಮಾರು 0.95, 0.001^0.001 ಸುಮಾರು 0.993. ಒಬ್ಬ ಹುಡುಗ “ಸಾರ್, 0^0 ಅಂದ್ರೆ 1, ಮುಗೀತು” ಅಂದ. x^(1/ln x) ಹಾಕು ಅಂದೆ. ಬೇಸ್ ಸೊನ್ನೆಗೆ, ಪವರ್ ಸೊನ್ನೆಗೆ. ಅವನು 0.01 ಹಾಕಿದ, 2.718. 0.0001 ಹಾಕಿದ, ಮತ್ತೆ 2.718. ಕ್ಯಾಲ್ಕುಲೇಟರ್ ಕೆಟ್ಟಿದೆ ಅಂತ ಪಕ್ಕದವನದ್ದು ಕಿತ್ತುಕೊಂಡ.